ತುತ್ತು ಸಿಕ್ಕಿಕೊಂಡ ಹಾಗಾದರೆ ಅದು ಗ್ಯಾಸ್ಟ್ರಿಕ್ಕಾ?

"ಡಾಕ್ಟ್ರೇ, ಊಟ ಮಾಡುವಾಗ ತುತ್ತು ಗಂಟಲಲ್ಲೋ ಎದೆಯಲ್ಲೋ ಸಿಕ್ಕಿಕೊಂಡ ಹಾಗಾಗುತ್ತೆ. ಗ್ಯಾಸ್ಟ್ರಿಕ್ಕೇ ಅಲ್ವಾ?"

ಇರಬಹುದು. ಆದರೆ ಮಾತ್ರೆ ಬರೆಯುವ ಮೊದಲು ನಾನು ಒಂದು ಮಾತು ಕೇಳುತ್ತೇನೆ: ಸಿಕ್ಕಿಕೊಳ್ಳುವುದು ಯಾವುದು? ಮುದ್ದೆ, ಚಪಾತಿ ಮಾತ್ರವಾ, ಇಲ್ಲ ನೀರೂ ಸಿಕ್ಕಿಕೊಳ್ಳುತ್ತಾ?

ಅನ್ನನಾಳ ಅಂದರೆ ಸುಮಾರು 25 ಸೆಂಟಿಮೀಟರ್ ಉದ್ದದ, ಮಾಂಸಖಂಡದ ಕೊಳವೆ. ಅದು ಎಲ್ಲಾದರೂ ಕಿರಿದಾದರೆ ಮೊದಲು ತಡೆಯುವುದು ಗಟ್ಟಿ ತುತ್ತು. ನೀರು, ಗಂಜಿ ಸಲೀಸಾಗಿ ಇಳಿಯುತ್ತವೆ. ಕೊಳವೆ ಅಗಲವಾಗಿಯೇ ಇದ್ದು, ತುತ್ತನ್ನು ಕೆಳಗೆ ತಳ್ಳುವ ಕೆಲಸವೇ ಕೆಟ್ಟಿದ್ದರೆ ಅನ್ನವೂ ನೀರೂ ಮೊದಲಿನಿಂದಲೇ ಒಟ್ಟಿಗೆ ತೊಂದರೆ ಕೊಡುತ್ತವೆ. ಅಕಲೇಶಿಯಾ ಎನ್ನುವ ಕಾಯಿಲೆಯಲ್ಲಿ ಹೀಗೇ ಆಗುತ್ತದೆ. ಅನ್ನನಾಳದ ಕೆಳಗಿನ ಬಾಗಿಲು ಸರಿಯಾಗಿ ತೆರೆಯುವುದಿಲ್ಲ. ರಾತ್ರಿ ಮಲಗಿದಾಗ ತಿಂದದ್ದು ಹಾಗೇ ಬಾಯಿಗೆ ಬರುತ್ತದೆ, ಹುಳಿ ಕೂಡ ಇರುವುದಿಲ್ಲ.

ನನ್ನ ಹತ್ತಿರ ಬಂದ ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ವಯಸ್ಸು ನಲವತ್ತರ ಆಸುಪಾಸು. ಎರಡು ವರ್ಷದಿಂದ ತುತ್ತು ಗಂಟಲಲ್ಲೇ ನಿಲ್ಲುತ್ತಿತ್ತು. ಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಲ್ಲಿ ಅದ್ದಿ ನುಂಗುತ್ತೇವೆ. ಆಕೆ ಮುದ್ದೆಯನ್ನು ಕಡಲೆಕಾಳಿನಷ್ಟು ಮುರಿದು, ಪ್ರತಿ ಸಲಕ್ಕೂ ಒಂದು ಗುಟುಕು ನೀರು ಕುಡಿದು ನುಂಗುತ್ತಿದ್ದರು. ಎಲ್ಲರದೂ ಆದಮೇಲೆ ಒಬ್ಬರೇ ಕೂತು ಉಣ್ಣುತ್ತಿದ್ದುದರಿಂದ ಮನೆಯಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ಅಲ್ಲಿಯವರೆಗೂ ನುಂಗಿದ್ದು ಬರೀ ಆಸಿಡಿಟಿ ಮಾತ್ರೆ.

ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡಿದೆ, ಬಿಳಿಚಿಕೊಂಡಿತ್ತು. ಬಾಯಿಯ ಮೂಲೆಗಳು ಒಡೆದಿದ್ದವು. ನಾಲಿಗೆ ನುಣುಪಾಗಿತ್ತು. ಉಗುರು ಚಮಚದ ಹಾಗೆ ಗುಳಿ ಬಿದ್ದಿತ್ತು. ಹಿಮೋಗ್ಲೋಬಿನ್ 6.4. ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆದಾಗ ಅನ್ನನಾಳದ ಮೇಲ್ಭಾಗದಲ್ಲಿ, ಮುಂದಿನ ಗೋಡೆಯಿಂದ ಒಂದು ತೆಳ್ಳನೆಯ ಪೊರೆ ಒಳಗೆ ಚಾಚಿಕೊಂಡಿದ್ದು ಕಾಣಿಸಿತು. ತುಂಬಾ ದಿನ ಕಬ್ಬಿಣದ ಅಂಶ ಕಡಿಮೆಯಾದ ಕೆಲವರಲ್ಲಿ, ಹೆಂಗಸರಲ್ಲಿ ಜಾಸ್ತಿ, ಇಂಥ ಪೊರೆ ಬೆಳೆಯುತ್ತದೆ. ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ನೋಡುವ ಎಂಡೋಸ್ಕೋಪಿ ಮಾಡುವಾಗ ನಿಧಾನವಾಗಿ ಹಿಗ್ಗಿಸಿದೆವು, ಪೊರೆ ಹರಿಯಿತು. ಆ ವಾರವೇ ಅನ್ನ ಸರಾಗವಾಗಿ ಇಳಿಯಿತು.

ಆದರೆ ಪೊರೆ ಹರಿದರೆ ಮುಗಿಯಲಿಲ್ಲ. ರಕ್ತ ಯಾಕೆ ಕಡಿಮೆಯಾಯಿತು? ಕೇಳಿದರೆ, ವರ್ಷಗಳಿಂದ ಮುಟ್ಟಿನಲ್ಲಿ ವಿಪರೀತ ರಕ್ತಸ್ರಾವ. ಅದಕ್ಕೆ ಸ್ತ್ರೀರೋಗದ ಡಾಕ್ಟರ ಹತ್ತಿರ ಕಳಿಸಿದೆ. ಕಬ್ಬಿಣದ ಮಾತ್ರೆಯನ್ನು ಹಿಮೋಗ್ಲೋಬಿನ್ ಸರಿಯಾದ ಮೇಲೂ ಮೂರು ತಿಂಗಳು ನುಂಗಬೇಕು, ಮಾತ್ರೆಯ ಜೊತೆ ಟೀ ಕುಡಿಯಬಾರದು ಎಂದು ಹೇಳಿದೆ. ಇಂಥವರಲ್ಲಿ ಗಂಟಲಿನ ಭಾಗದ ಕ್ಯಾನ್ಸರ್ ಅಪಾಯ ಸ್ವಲ್ಪ ಜಾಸ್ತಿ, ಅದಕ್ಕೇ ಆಗಾಗ ಬರಲು ಹೇಳುತ್ತೇನೆ.

ಇದೇ ದೂರು ಬೇರೆ ರೀತಿಯಲ್ಲಿ ಬಂದರೆ ನನಗೆ ಭಯವಾಗುತ್ತದೆ. ಐವತ್ತು ದಾಟಿದವರು, ಬೀಡಿಯೋ ತಂಬಾಕೋ ಹೆಂಡವೋ ಅಭ್ಯಾಸ. ಎರಡು ತಿಂಗಳ ಹಿಂದೆ ಮುದ್ದೆ ನಿಲ್ಲುತ್ತಿತ್ತು, ಆಮೇಲೆ ಚಪಾತಿ, ಈಗ ಮೆತ್ತನೆ ಅನ್ನವೂ ನಿಲ್ಲುತ್ತದೆ. ಪಂಚೆ, ಪ್ಯಾಂಟು ಸಡಿಲವಾಗಿದೆ. ಹೀಗೆ ವಾರದಿಂದ ವಾರಕ್ಕೆ ಹೆಚ್ಚುವುದು ಅನ್ನನಾಳದ ಕ್ಯಾನ್ಸರ್ ಇರಬಹುದು. ವರ್ಷಗಟ್ಟಲೆ ಎದೆಯುರಿ ಇದ್ದವರಿಗೆ ಆಸಿಡ್ಡಿನಿಂದ ಗಾಯವಾಗಿ, ಅದು ಮಾಗುವಾಗ ನಾಳ ಬಿಗಿದುಕೊಂಡೂ ಹೀಗಾಗುತ್ತದೆ. ಅಂದರೆ ಗ್ಯಾಸ್ಟ್ರಿಕ್ ಅನ್ನುವ ಊಹೆ ಪೂರ್ತಿ ತಪ್ಪೇನಲ್ಲ. ಆದರೆ ಇವೆರಡರಲ್ಲಿ ಯಾವುದೆಂದು ಖಚಿತವಾಗುವುದು ಎಂಡೋಸ್ಕೋಪಿ ಮಾಡಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರೆ ಮಾತ್ರ. ಹಾಗಾಗಿ ಮಾತ್ರೆ ನುಂಗಿಕೊಂಡು ತಿಂಗಳು ಕಳೆಯಬೇಡಿ. ಎಂಡೋಸ್ಕೋಪಿಗೆ ಸುಮಾರು ಆರು ಗಂಟೆ ಹೊಟ್ಟೆ ಖಾಲಿ ಇರಬೇಕು, ಗಂಟಲಿಗೆ ಮರಗಟ್ಟುವ ಸ್ಪ್ರೇ ಹೊಡೆಯುತ್ತಾರೆ, ಪರೀಕ್ಷೆ ಕೆಲವೇ ನಿಮಿಷ.

"ಗಂಟಲಲ್ಲಿ ಇಲ್ಲೇ ಡಾಕ್ಟ್ರೇ" ಎಂದು ಬೆರಳಿಟ್ಟು ತೋರಿಸುತ್ತಾರೆ. ಎದೆಯ ಕೆಳಭಾಗ ತೋರಿಸಿದರೆ ಸಾಮಾನ್ಯವಾಗಿ ತಡೆ ಅಲ್ಲೇ ಇರುತ್ತದೆ. ಗಂಟಲು ತೋರಿಸಿದರೆ ಮಾತ್ರ ಪೂರ್ತಿ ನಂಬುವ ಹಾಗಿಲ್ಲ, ತಡೆ ಕೆಳಗಿದ್ದರೂ ಮೇಲೆ ಅನಿಸುತ್ತದೆ. ಗಂಟಲು ಮಾತ್ರ ನೋಡಿ ಏನೂ ಇಲ್ಲ ಎಂದು ಸುಮ್ಮನಾಗಬಾರದು.

ಊಟ ಚೆನ್ನಾಗಿ ಇಳಿಯುತ್ತದೆ, ಆದರೆ ಸುಮ್ನೆ ಕೂತಾಗ, ಎಂಜಲು ನುಂಗುವಾಗ ಮಾತ್ರ ಉಂಡೆ ಇದ್ದ ಹಾಗೆ ಅನ್ನುವವರೂ ಇದ್ದಾರೆ. ತಿಂದರೆ ಅದು ಹಗುರಾಗುತ್ತದೆ. ತೂಕ ಇಳಿದಿಲ್ಲ, ನೋವಿಲ್ಲ ಅಂದರೆ ಹೆಚ್ಚಿನ ಸಲ ಅಪಾಯವಿರುವುದಿಲ್ಲ. ಒಮ್ಮೆ ಇಎನ್‌ಟಿ ಡಾಕ್ಟರಿಗೆ ತೋರಿಸಿದರೆ ಸಾಕಾಗುತ್ತದೆ. ನುಂಗುವಾಗಲೇ ಕೆಮ್ಮು ಬಂದು ನೀರು ಮೂಗಿಗೆ ಏರಿದರೆ ಅದು ಬೇರೆ. ಲಕ್ವ ಹೊಡೆದವರಲ್ಲಿ ಹೀಗಾಗುತ್ತದೆ, ಅವರು ನರರೋಗದ ಡಾಕ್ಟರಿಗೆ ತೋರಿಸಬೇಕು.

ಮಾಂಸದ ತುಂಡೋ ಮತ್ತೊಂದೋ ಪೂರ್ತಿ ಸಿಕ್ಕಿಕೊಂಡು ಎಂಜಲೂ ಇಳಿಯದೆ ಹೊರಗೆ ಉಗುಳುವ ಹಾಗಾದರೆ ಬಾಳೆಹಣ್ಣು, ಅನ್ನದ ಉಂಡೆ ನುಂಗಿಸಿ ತಳ್ಳಲು ಹೋಗಬೇಡಿ. ಅದೂ ಅದರ ಮೇಲೇ ಕೂರುತ್ತದೆ. ಏನೂ ತಿನ್ನದೆ, ಕುಡಿಯದೆ, ಎಂಡೋಸ್ಕೋಪಿ ಇರುವ ಆಸ್ಪತ್ರೆಗೆ ಅದೇ ಹೊತ್ತು ಹೊರಡಿ.