ಇಪ್ಪತ್ತು ಟಾಸ್ ಸೋತ ಮೇಲೆ

2025ರ ಡಿಸೆಂಬರ್ 6, ಶನಿವಾರ. ಅಕ್ಕನ ಮನೆಯಲ್ಲಿ ಊಟ ಮುಗಿಸಿ ಎಲ್ಲರೂ ಟಿವಿಯ ಮುಂದೆ ಕುಳಿತಿದ್ದೆವು. ವಿಶಾಖಪಟ್ಟಣದಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಮೂರನೆಯ ಏಕದಿನ ಪಂದ್ಯ. ಪಂದ್ಯಕ್ಕಿಂತ ಟಾಸ್ ಬಗ್ಗೆಯೇ ಮಾತು ಹೆಚ್ಚು. 2023ರ ವಿಶ್ವಕಪ್ ಫೈನಲ್‌ನಿಂದ ಆರಂಭಿಸಿ ಏಕದಿನ ಪಂದ್ಯಗಳಲ್ಲಿ ಭಾರತ ಸತತವಾಗಿ 20 ಟಾಸ್ ಸೋತಿತ್ತು.

“ಮಾವ, ಇವತ್ತು ರಾಹುಲ್ ಟಾಸ್ ಗೆಲ್ಲಲೇಬೇಕು. ಇಪ್ಪತ್ತು ಸೋಲಿನ ಲೆಕ್ಕ ಎಲ್ಲೋ ಒಂದು ಕಡೆ ಚುಕ್ತಾ ಆಗಬೇಕಲ್ಲ?” ಎಂದ ಅಕ್ಕನ ಮಗ. ದ್ವಿತೀಯ ಪಿಯುಸಿ ಓದುವ ಹುಡುಗ, ಲೆಕ್ಕದಲ್ಲಿ ಚುರುಕು. ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವನು. “ಇವತ್ತೂ ಸಾಧ್ಯತೆ ಅರ್ಧಕ್ಕರ್ಧವೇ” ಎಂದೆ. ರಾಹುಲ್ ಎಡಗೈಯಲ್ಲಿ ನಾಣ್ಯ ಚಿಮ್ಮಿದರು. ಟಾಸ್ ಭಾರತದ ಪಾಲಾಯಿತು. ಭಾವ ಚಪ್ಪಾಳೆ ತಟ್ಟಿದರು. ಹುಡುಗ ನನ್ನತ್ತ ತಿರುಗಿ, “ನೋಡಿದಿರಾ ಮಾವ?” ಎಂದ.

“ಮೂರು ದಿನದ ಹಿಂದೆ ರಾಯಪುರದ ಪಂದ್ಯದಲ್ಲಿ ಏನು ಹೇಳಿದ್ದೆ?” ಎಂದು ಕೇಳಿದೆ. ಅವತ್ತೂ ಇದೇ ಮಾತು ಹೇಳಿದ್ದನ್ನು ಅವನೇ ಒಪ್ಪಿಕೊಂಡ. ರಾಂಚಿಯಲ್ಲೂ ಹಾಗೆಯೇ, ಅದಕ್ಕೂ ಮೊದಲು ಆಸ್ಟ್ರೇಲಿಯಾದಲ್ಲೂ ಹಾಗೆಯೇ. ಸೋಲಿನ ಸರಣಿ ಉದ್ದವಾದಷ್ಟೂ ‘ಇವತ್ತು ಖಂಡಿತ’ ಎಂಬ ನಂಬಿಕೆ ಗಟ್ಟಿಯಾಗುತ್ತಾ ಬಂದಿತ್ತು. ಸುಳ್ಳಾದ ದಿನಗಳನ್ನು ಮರೆತು ನಿಜವಾದ ಒಂದು ದಿನವನ್ನು ಮಾತ್ರ ಸಾಕ್ಷಿಗೆ ಕರೆಯುತ್ತೇವೆ. ಈ ನಂಬಿಕೆಗೆ ಜೂಜುಗಾರನ ಭ್ರಮೆ ಎನ್ನುತ್ತಾರೆ: ಒಂದೇ ಫಲ ಹಲವು ಸಲ ಬಂದರೆ, ಮುಂದಿನ ಸಲ ಅದಕ್ಕೆ ವಿರುದ್ಧವಾದದ್ದು ಬರುವ ಸಾಧ್ಯತೆ ಹೆಚ್ಚುತ್ತದೆ ಎಂದುಕೊಳ್ಳುವುದು.

ಹುಡುಗ ಸುಲಭಕ್ಕೆ ಬಿಡಲಿಲ್ಲ. “ಸತತ 21 ಸೋಲು ಎಂದರೆ ಇಪ್ಪತ್ತು ಲಕ್ಷಕ್ಕೊಂದು ಎನ್ನುವಷ್ಟು ಅಪರೂಪ. ಅಂಥದ್ದು ಆಗುವುದಿಲ್ಲ ಎಂದರೆ ತಪ್ಪೇನು?” ಅವನ ಲೆಕ್ಕ ಸರಿಯಾಗಿತ್ತು. ಒಂದೊಂದು ಟಾಸ್‌ಗೂ ಎರಡರಿಂದ ಗುಣಿಸುತ್ತಾ ಹೋದರೆ 20ಕ್ಕೆ 10,48,576 ಬರುತ್ತದೆ, 21ಕ್ಕೆ 20,97,152. ಆದರೆ ಆ ದೊಡ್ಡ ಸಂಖ್ಯೆ ಉತ್ತರ ಕೊಡುವುದು ಮೊದಲ ಟಾಸ್‌ಗೂ ಮುಂಚೆ ಕೇಳಿದ ಪ್ರಶ್ನೆಗೆ. ವಿಶಾಖಪಟ್ಟಣದಲ್ಲಿ ನಿಂತು ಕೇಳುವ ಪ್ರಶ್ನೆಯೇ ಬೇರೆ. ಹತ್ತು ಲಕ್ಷಕ್ಕೊಂದು ಎನ್ನುವ ಭಾಗ ಆಗಲೇ ನಡೆದುಹೋಗಿದೆ, ಅದನ್ನು ಮತ್ತೆ ಲೆಕ್ಕಕ್ಕೆ ಸೇರಿಸುವಂತಿಲ್ಲ. ಈಗ ಉಳಿದಿರುವ ದಾರಿ ಎರಡೇ: ‘20 ಸೋಲು, ಆಮೇಲೆ ಗೆಲುವು’ ಅಥವಾ ‘20 ಸೋಲು, ಆಮೇಲೆ ಮತ್ತೊಂದು ಸೋಲು’. ಆರಂಭದಲ್ಲಿ ನಿಂತು ನೋಡಿದರೆ ಎರಡೂ ಇಪ್ಪತ್ತು ಲಕ್ಷ ಚಿಲ್ಲರೆಗೆ ಒಂದೊಂದು, ಸರಿಸಮ ಅಪರೂಪ. ಹೀಗಿರುವಾಗ ಒಂದನ್ನು ಇನ್ನೊಂದಕ್ಕಿಂತ ಹೆಚ್ಚು ನಂಬಲು ಕಾರಣವೇ ಇಲ್ಲ.

ಅವನು ಸ್ವಲ್ಪ ಹೊತ್ತು ಯೋಚಿಸಿ ಇನ್ನೂ ಒಳ್ಳೆಯ ಪ್ರಶ್ನೆ ಕೇಳಿದ. ತರಗತಿಯಲ್ಲಿ ಇದನ್ನು ಕೇಳುವ ವಿದ್ಯಾರ್ಥಿ ಸಿಕ್ಕಿದರೆ ನನಗೆ ಬಹಳ ಸಂತೋಷವಾಗುತ್ತದೆ. “ಹೆಚ್ಚು ಸಲ ಚಿಮ್ಮಿದರೆ ಹೆಡ್ ಶೇಕಡಾ 50ರ ಹತ್ತಿರ ಬರುತ್ತದೆ ಎಂದು ಪುಸ್ತಕದಲ್ಲೇ ಇದೆ. ಮೊದಲು ಹೆಡ್ ಜಾಸ್ತಿ ಬಿದ್ದಿದ್ದರೆ, ಆಮೇಲೆ ಟೇಲ್ ಜಾಸ್ತಿ ಬೀಳದೆ ಅದು ಹೇಗೆ ಸಮವಾಗುತ್ತದೆ?”

ಕ್ಯಾಲೆಂಡರಿನ ಹಳೆಯ ಹಾಳೆಯೊಂದನ್ನು ಮಗುಚಿ ಬರೆಯತೊಡಗಿದೆ. ಮೊದಲ ಹತ್ತು ಸಲವೂ ಹೆಡ್ ಬಿತ್ತು ಎಂದುಕೊಳ್ಳೋಣ: ಹೆಡ್ ಶೇಕಡಾ 100. ಮುಂದೆ ಇನ್ನೂ ಸಾವಿರ ಸಲ ಚಿಮ್ಮುತ್ತೇವೆ. ನಾಣ್ಯಕ್ಕೆ ಹಿಂದಿನದರ ನೆನಪಿಲ್ಲ, ಆದ್ದರಿಂದ ಈ ಸಾವಿರದಲ್ಲಿ ನಿರೀಕ್ಷಿಸಬೇಕಾದದ್ದು 500 ಹೆಡ್, 500 ಟೇಲ್. ಒಟ್ಟು 1,010ರಲ್ಲಿ 510 ಹೆಡ್, ಅಂದರೆ ಶೇಕಡಾ 50.5. ಟೇಲ್ ಒಂದಿಷ್ಟೂ ಹೆಚ್ಚಾಗಿ ಬೀಳಲಿಲ್ಲ, ಮೊದಲಿನ ಹತ್ತು ಹೆಡ್‌ಗಳ ಮುನ್ನಡೆ ಹಾಗೆಯೇ ಉಳಿದಿದೆ. ಆದರೂ ಶೇಕಡಾವಾರು ಅರ್ಧದ ಬಳಿಗೆ ಬಂತು. ಹಳೆಯ ಹತ್ತನ್ನು ಯಾರೂ ತೀರಿಸಲಿಲ್ಲ. ಹೊಸ ಸಾವಿರದ ನಡುವೆ ಅದು ಗಣನೆಗೆ ಬಾರದಷ್ಟು ಸಣ್ಣದಾಯಿತು. ಸಾವಿರ ಸಲ ಚಿಮ್ಮಿದಾಗ ಸರಿಯಾಗಿ 500 ಬೀಳುವುದು ಅಪರೂಪ, ಹತ್ತಿಪ್ಪತ್ತು ಆಚೀಚೆ ಆಗುತ್ತದೆ. ಆದರೆ ಆ ಏರುಪೇರು ಯಾವ ಕಡೆಗೂ ಆಗಬಹುದು, ಹಳೆಯ ಸಾಲ ತೀರಿಸುವ ಕಡೆಗೇ ವಾಲುವುದಿಲ್ಲ.

ಅವನ ಮುಖದಲ್ಲಿ ಮೊದಲ ಬಾರಿಗೆ ಒಪ್ಪಿಗೆ ಕಂಡಿತು. ‘ಕೊನೆಗೆ ಸಮವಾಗುತ್ತದೆ’ ಎಂಬ ನಿಯಮವನ್ನು ಬಹಳ ಜನ ನಾಣ್ಯ ಹೊತ್ತ ಜವಾಬ್ದಾರಿ ಎಂದು ಓದಿಕೊಳ್ಳುತ್ತಾರೆ. ಭ್ರಮೆಯ ಬೇರು ಇರುವುದು ಅಲ್ಲಿ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಭಾವ ನಡುವೆ ಬಾಯಿ ಹಾಕಿದರು: “ಟಾಸ್ ಸೋತರೆ ಜೇಬಿಗೇನೂ ನಷ್ಟವಿಲ್ಲವಲ್ಲ.” ಆದ್ದರಿಂದ ರೂಲೆಟ್ ಮೇಜಿಗೆ ಹೋದೆವು. ಅದೊಂದು ತಿರುಗುವ ಚಕ್ರ. ಯುರೋಪಿನ ಚಕ್ರದಲ್ಲಿ 37 ಮನೆಗಳು: 18 ಕೆಂಪು, 18 ಕಪ್ಪು, ಹಸಿರು ಬಣ್ಣದ ಸೊನ್ನೆ ಒಂದು. ಚಕ್ರ ತಿರುಗುತ್ತಿರುವಾಗ ಸಣ್ಣ ಚೆಂಡೊಂದನ್ನು ಎದುರು ದಿಕ್ಕಿಗೆ ಓಡಿಸುತ್ತಾರೆ. ಕೆಂಪಿನ ಮೇಲೆ ನೂರು ಕಟ್ಟಿ ಚೆಂಡು ಕೆಂಪು ಮನೆಗೆ ಬಿದ್ದರೆ ಇನ್ನೂ ನೂರು ಸಿಗುತ್ತದೆ. ಗೆಲ್ಲುವ ಸಾಧ್ಯತೆ 37ರಲ್ಲಿ 18, ಅಂದರೆ ಶೇಕಡಾ 48.6. ಅರ್ಧಕ್ಕೆ ಕಡಿಮೆಯಾದ ಈ ಸ್ವಲ್ಪವೇ ಕ್ಯಾಸಿನೊದ ಸಂಪಾದನೆ.

1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೋದ ಕ್ಯಾಸಿನೊದಲ್ಲಿ ಚೆಂಡು ಸತತವಾಗಿ 26 ಸಲ ಕಪ್ಪಿಗೆ ಬಿತ್ತು. ಕಪ್ಪಿನ ಸರಣಿ ಹದಿನೈದರ ಆಸುಪಾಸು ತಲುಪುವ ಹೊತ್ತಿಗೆ ಜನ ಮೇಜಿಗೆ ಮುಗಿಬಿದ್ದು ಕೆಂಪಿನ ಮೇಲೆ ಹಣ ಸುರಿದರು. ಪ್ರತಿ ಕಪ್ಪಿಗೂ ಅವರ ವಿಶ್ವಾಸ ಇಮ್ಮಡಿಸಿತು, ಕಟ್ಟುವ ಹಣವೂ ಬೆಳೆಯಿತು, ಲಕ್ಷಾಂತರ ಫ್ರಾಂಕ್ ಕ್ಯಾಸಿನೊದ ಪಾಲಾಯಿತು. ಹದಿನಾರನೆಯ ಸಲವೂ, ಇಪ್ಪತ್ತಾರನೆಯ ಸಲವೂ ಕೆಂಪಿನ ಸಾಧ್ಯತೆ ಅದೇ 37ರಲ್ಲಿ 18 ಆಗಿತ್ತು.

ಸೋತಾಗಲೆಲ್ಲ ಪಣವನ್ನು ಇಮ್ಮಡಿ ಮಾಡುವವರ ಪಾಡನ್ನೂ ಅದೇ ಹಾಳೆಯಲ್ಲಿ ಬರೆದು ತೋರಿಸಿದೆ. ನೂರು, ಇನ್ನೂರು, ನಾನೂರು ಎಂದು ಹತ್ತು ಸಲ ಸೋತರೆ ಹೋದದ್ದು 1,02,300 ರೂಪಾಯಿ. ಹನ್ನೊಂದನೆಯ ಸಲ 1,02,400 ಕಟ್ಟಬೇಕು, ಗೆದ್ದರೆ ಒಟ್ಟಾರೆ ಉಳಿಯುವ ಲಾಭ ನೂರೇ ರೂಪಾಯಿ. ಒಂದು ಸುತ್ತಿನಲ್ಲಿ ಹತ್ತು ಸಲವೂ ಸೋಲುವುದು ಸುಮಾರು 780ಕ್ಕೆ ಒಂದು ಬಾರಿ. ದಿನವೂ ಕೂರುವವನಿಗೆ ಅದು ದೂರವೇನಲ್ಲ. ಅಷ್ಟರೊಳಗೆ ಮೇಜಿನ ಗರಿಷ್ಠ ಪಣದ ಮಿತಿಯೋ ಕೈಯಲ್ಲಿರುವ ಹಣವೋ ಮುಗಿದಿರುತ್ತದೆ. ಭಾವ ಆ ಅಂಕಿಗಳನ್ನು ಎರಡು ಸಲ ಕೂಡಿ ನೋಡಿದರು.

“ಹಾಗಾದರೆ ಹಿಂದಿನ ಫಲ ಯಾವತ್ತೂ ಉಪಯೋಗಕ್ಕೆ ಬರುವುದಿಲ್ಲವೇ?” ಎಂದ ಹುಡುಗ. ಬರುತ್ತದೆ. 26 ಸಲ ಕಪ್ಪೇ ಬಿದ್ದರೆ ಚಕ್ರ ವಾಲಿದೆಯೇ ಎಂದು ಅನುಮಾನಿಸಬಹುದು. ಆದರೆ ಆಗಲೂ ಆ ಅನುಮಾನ ಹೇಳುವುದು ಕಪ್ಪಿನ ಮೇಲೆ ಕಟ್ಟು ಎಂದೇ ಹೊರತು ಕೆಂಪಿನ ಮೇಲೆ ಎಂದಲ್ಲ. ಇಸ್ಪೀಟಿನ ಕಥೆ ಬೇರೆ. ಅವನು ಒಳಗಿನಿಂದ ಒಂದು ಕಟ್ಟು ತಂದ. 52 ಎಲೆಗಳಲ್ಲಿ 26 ಕೆಂಪು, 26 ಕಪ್ಪು. ಐದು ಕಪ್ಪು ಎಲೆಗಳನ್ನು ತೆಗೆದು ಪಕ್ಕಕ್ಕಿಟ್ಟರೆ ಉಳಿದ 47ರಲ್ಲಿ 26 ಕೆಂಪು. ಈಗ ಕೆಂಪು ಬರುವ ಸಾಧ್ಯತೆ ನಿಜವಾಗಿಯೂ ಶೇಕಡಾ 55ಕ್ಕೆ ಏರಿದೆ, ಏಕೆಂದರೆ ಕಟ್ಟಿನಿಂದ ಕಪ್ಪು ಕಡಿಮೆಯಾಗಿದೆ. ತೆಗೆದ ಎಲೆಗಳನ್ನು ಮತ್ತೆ ಸೇರಿಸಿ ಕಲಸಿದರೆ ಪುನಃ ಅರ್ಧಕ್ಕರ್ಧ. ರೂಲೆಟ್ ಚಕ್ರದಿಂದ ಯಾವ ಮನೆಯೂ ಕಡಿಮೆಯಾಗುವುದಿಲ್ಲ, ಟಾಸ್‌ನ ನಾಣ್ಯದಿಂದ ಯಾವ ಮುಖವೂ ಕಡಿಮೆಯಾಗುವುದಿಲ್ಲ.