ಆಯಿಯ ಏಳು ಗಂಟೆಯ ವಾರ್ತೆ

“ಟಿವಿ ಹಚ್ಚೂದಕ್ಕ ಇಷ್ಟುದ್ದ ಮೆಸೇಜ್ ಯಾಕ ಬರದೀಪಾ? ಬಟನ್ ಒತ್ರಿ ಅಂದ್ರ ಮುಗೀತಲ್ಲ?”

ಯಾವ ಬಟನ್ ಎಂಬುದನ್ನು ಹೀಗೆ ಕೇಳುವವರಲ್ಲಿ ಒಬ್ಬರೂ ನನಗೆ ಇದುವರೆಗೆ ಹೇಳಿಲ್ಲ. ಗದಗ-ಬೆಟಗೇರಿಯ ನಮ್ಮ ಮನೆಯಲ್ಲಿ, ಆಯಿ ಮಲಗಿರುವ ಕೋಣೆಯಲ್ಲಿ ಎರಡು ರಿಮೋಟುಗಳಿವೆ. ಒಂದು ಟಿವಿಯದು, ಇನ್ನೊಂದು ಸೆಟ್ ಟಾಪ್ ಬಾಕ್ಸಿನದು. ಎರಡರ ಮೇಲೂ ಒಂದೇ ಗುರುತಿನ ಪವರ್ ಬಟನ್ ಇದೆ, ಮತ್ತು ಎರಡೂ ಕಡೆ ಹಚ್ಚುವುದಕ್ಕೂ ಆರಿಸುವುದಕ್ಕೂ ಅದೇ ಒಂದು ಬಟನ್. ಆಯಿಯನ್ನು ನೋಡಿಕೊಳ್ಳುವ ಅಕ್ಕಾರಿಗೆ ನಾನು ಪುಣೆಯಿಂದ ಕಳಿಸಿದ ಮೊದಲ ಸಂದೇಶದಲ್ಲಿ ಇದ್ದದ್ದು ಒಂದೇ ಸಾಲು: “ಏಳಕ್ಕ ಎರಡೂ ರಿಮೋಟಿನ ಬಟನ್ ಒತ್ತಿ ಚಂದನ ಹಚ್ರಿ.” ಆ ಒಂದು ಸಾಲು ಏನು ಮಾಡಿತು ಎಂಬುದನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಈಗಿನ ಉದ್ದ ಸಂದೇಶದ ಒಂದೊಂದು ವಾಕ್ಯವೂ ಅಂದಿನ ಸಂಜೆಯಿಂದಲೇ ಬಂದಿದೆ.

ಆ ದಿನ ಮಧ್ಯಾಹ್ನ ಕರೆಂಟ್ ಹೋಗಿ ಬಂದಿತ್ತು. ಕರೆಂಟ್ ಮರಳಿದಾಗ ನಮ್ಮ ಬಾಕ್ಸ್ ತಾನಾಗಿಯೇ ಚಾಲೂ ಆಗುತ್ತದೆ, ಟಿವಿ ಮಾತ್ರ ಆರಿದ ಸ್ಥಿತಿಯಲ್ಲೇ ಉಳಿಯುತ್ತದೆ. ಅಕ್ಕಾರು ನಾನು ಬರೆದಂತೆಯೇ ಎರಡೂ ಬಟನ್ ಒತ್ತಿದರು. ಆರಿದ್ದ ಟಿವಿ ಹತ್ತಿತು, ಹತ್ತಿದ್ದ ಬಾಕ್ಸ್ ಆರಿತು. ಪರದೆಯ ಮೇಲೆ No Signal ಎಂದು ಬಂತು. ಅಕ್ಕಾರು ಫೋನ್ ಮಾಡಿ “ತಮ್ಮಾ, ಟಿವಿ ಹತ್ತವಲ್ದು” ಎಂದರು. ನಾನು ಪುಣೆಯಲ್ಲಿ ಕುಳಿತು “ಇನ್ನೊಮ್ಮೆ ಎರಡೂ ಒತ್ರಿ” ಎಂದೆ. ಈಗ ಟಿವಿ ಆರಿತು, ಬಾಕ್ಸ್ ಹತ್ತಿತು, ಪರದೆ ಪೂರ್ತಿ ಕಪ್ಪಾಯಿತು. ಹೀಗೆ ಎರಡನ್ನೂ ಒಟ್ಟಿಗೆ ಎಷ್ಟು ಸಲ ಒತ್ತಿದರೂ ಒಂದು ಹತ್ತಿದಾಗ ಇನ್ನೊಂದು ಆರುತ್ತಲೇ ಇರುತ್ತದೆ. ಗಾಬರಿಯಲ್ಲಿ ಅಕ್ಕಾರ ಬೆರಳು SOURCE ಬಟನ್ ಮೇಲೂ ಬಿತ್ತು. ಬಾಕ್ಸಿನ ತಂತಿ ಇರುವುದು HDMI 1 ಕಿಂಡಿಯಲ್ಲಿ, ಟಿವಿ HDMI 2ಕ್ಕೆ ಹೋಗಿ ಕುಳಿತಿತು. ಅದಾದ ಮೇಲೆ ಟಿವಿ ಮತ್ತು ಬಾಕ್ಸ್ ಎರಡೂ ಸರಿಯಾಗಿ ಚಾಲೂ ಇದ್ದರೂ ಅದೇ No Signal. ಏಳೂವರೆ ದಾಟಿತು. ಫೋನಿನಲ್ಲಿ ಹಿಂದಿನಿಂದ ಆಯಿಯ ದನಿ ಕೇಳಿಸಿತು: “ಇವತ್ತ ಸುದ್ದಿ ಇಲ್ಲೇನು?”

ಅಕ್ಕಾರು ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. “ಹಳ್ಳಿ ಮಂದಿಗೆ ರಿಮೋಟ್ ತಿಳಿಯೂದಿಲ್ಲ” ಎಂದು ನನಗೆ ಸಮಾಧಾನ ಹೇಳಿದ ನೆಂಟರೊಂದಿಗೆ ನಾನು ಅಂದೇ ಜಗಳವಾಡಿದ್ದೇನೆ. ನನ್ನ ಸಂದೇಶ ಬಟನ್ ಹೇಳಿತ್ತು, ಒತ್ತುವ ಮೊದಲು ಏನು ನೋಡಬೇಕೆಂದು ಹೇಳಿರಲಿಲ್ಲ.

ಮುಂದಿನ ವಾರ ಊರಿಗೆ ಹೋದಾಗ ಬಾಕ್ಸಿನ ರಿಮೋಟಿನ ಪವರ್ ಬಟನ್ ಮೇಲೆ ಕೆಂಪು ನೇಲ್ ಪಾಲಿಶ್ ಹಚ್ಚಿದೆ, ಟಿವಿ ರಿಮೋಟಿನ ಪವರ್ ಮತ್ತು ಧ್ವನಿಯ ಬಟನ್‌ಗಳನ್ನು ಬಿಟ್ಟು ಉಳಿದವುಗಳ ಮೇಲೆ ದಪ್ಪ ಟೇಪ್ ಅಂಟಿಸಿದೆ. ಬಾಕ್ಸನ್ನು ಇನ್ನು ಆರಿಸುವುದೇ ಬೇಡವೆಂದು ನಿರ್ಧರಿಸಿದೆ. ಸದಾ ಚಾಲೂ ಇಟ್ಟರೆ ದಿನವೂ ಒತ್ತಬೇಕಾದದ್ದು ಟಿವಿಯ ಒಂದೇ ಬಟನ್. ಆಮೇಲೆ ಬರೆದ ಸಂದೇಶ ಇದು:

“ಅಕ್ಕಾರ, ಮೊದಲ ಟಿವಿ ಕೆಳಗಿನ ಪೆಟ್ಟಿಗಿ ನೋಡ್ರಿ. ಅದರ ದೀಪ ಹಸಿರಿದ್ರ ಅದನ್ನ ಮುಟ್ಟಬ್ಯಾಡ್ರಿ. ಕೆಂಪಿದ್ರ ಅಷ್ಟ, ಕೆಂಪು ಬಣ್ಣ ಹಚ್ಚಿದ ಬಟನ್ ಒಂದ ಸಲ ಒತ್ತಿ, ಎರಡು ನಿಮಿಷ ಕಾಯ್ರಿ. ಆಮ್ಯಾಲೆ ಟೇಪ್ ಹಚ್ಚಿದ ರಿಮೋಟ್ ತಗೊಂಡು ಮ್ಯಾಲಿನ ಬಟನ್ ಒಂದ ಸಲ ಒತ್ರಿ. ಚಿತ್ರ ಬಂದ ಮ್ಯಾಲೆ ಪೆಟ್ಟಿಗಿ ರಿಮೋಟಿನ ನಂಬರ್ ಒತ್ರಿ, ನಂಬರ್ ಗ್ವಾಡಿ ಮ್ಯಾಲಿನ ಚೀಟಿಯೊಳಗ ಐತಿ. ಮೂಲ್ಯಾಗ ಚಂದನದ ಗುರುತು ಕಂಡ್ರ ಸರಿ. ಪರದೆ ಮ್ಯಾಲೆ ಇಂಗ್ಲಿಷ್ ಅಕ್ಷರ ಅಷ್ಟ ಬಂದು ನಿಂತ್ರ ಏನೂ ಒತ್ತಬ್ಯಾಡ್ರಿ, ಫೋಟೋ ತೆಗದು ನನಗ ಕಳಸ್ರಿ.”

ಇದನ್ನೇ ನನ್ನ ದನಿಯಲ್ಲಿ ಓದಿಯೂ ಕಳಿಸಿದ್ದೇನೆ, ಏಕೆಂದರೆ ಕೈಯಲ್ಲಿ ರಿಮೋಟ್ ಹಿಡಿದಾಗ ಓದುವುದಕ್ಕಿಂತ ಕೇಳುವುದು ಸುಲಭ. ಕಾಯುವ ಎರಡು ನಿಮಿಷವನ್ನು ಬರೆಯಲೇಬೇಕಿತ್ತು. ಬಾಕ್ಸ್ ಏಳುವುದರೊಳಗೆ ತಾಳ್ಮೆಗೆಟ್ಟು ಮತ್ತೊಮ್ಮೆ ಒತ್ತಿದರೆ ಅದು ಪುನಃ ಮಲಗುತ್ತದೆ. ಚಾನೆಲ್ ನಂಬರನ್ನು ಸಂದೇಶದಲ್ಲಿ ಬರೆಯದೆ ಚೀಟಿಗೆ ಬಿಟ್ಟದ್ದಕ್ಕೂ ಕಾರಣವಿದೆ: ಕೇಬಲ್‌ಗೊಂದು, ಡಿಶ್‌ಗೊಂದು ನಂಬರ್ ಇರುತ್ತದೆ, ಅದು ಬದಲಾಗುವುದೂ ಉಂಟು. ಚೀಟಿಯನ್ನು ಬದಲಿಸಬಹುದು, ಅಕ್ಕಾರು ಬಾಯಿಪಾಠ ಮಾಡಿದ ಸಂದೇಶವನ್ನು ಬದಲಿಸುವುದು ಕಷ್ಟ.

ಒಂದು ದಿನ ಯಾವ ಬಟನ್ ಒತ್ತಿದರೂ ಏನೂ ಆಗಲಿಲ್ಲ. ಆಗ ಅಕ್ಕಾರಿಗೆ ಮೊಬೈಲಿನ ಸೆಲ್ಫಿ ಕ್ಯಾಮೆರಾ ತೆರೆದು, ರಿಮೋಟಿನ ಮೂತಿಯನ್ನು ಅದರತ್ತ ಹಿಡಿದು ಬಟನ್ ಒತ್ತಲು ಹೇಳಿದೆ. ರಿಮೋಟಿನ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಅನೇಕ ಮೊಬೈಲುಗಳ ಸೆಲ್ಫಿ ಕ್ಯಾಮೆರಾದಲ್ಲಿ ಬಿಳಿ ಅಥವಾ ನೇರಳೆ ಚುಕ್ಕೆಯಾಗಿ ಮಿನುಗುತ್ತದೆ. ಹಿಂದಿನ ಕ್ಯಾಮೆರಾ ಹಲವು ಫೋನುಗಳಲ್ಲಿ ಆ ಬೆಳಕನ್ನು ಸೋಸಿಬಿಡುತ್ತದೆ. ಅವರ ಫೋನಿನಲ್ಲಿ ಟಿವಿ ರಿಮೋಟಿನ ಚುಕ್ಕೆ ಕಂಡಿತು, ಬಾಕ್ಸಿನ ರಿಮೋಟಿನದು ಕಾಣಲಿಲ್ಲ. ಹೊಸ ಸೆಲ್ ಹಾಕಿದೊಡನೆ ಸರಿಹೋಯಿತು.

ಇನ್ನು, ಯಾರೂ ಕೇಳದ, ಆದರೆ ಕೇಳಬೇಕಾಗಿದ್ದ ಪ್ರಶ್ನೆಯೊಂದಿದೆ: ಟಿವಿ ಹತ್ತುವಾಗ ಆಯಿ ಯಾವ ಮಗ್ಗುಲಲ್ಲಿ ಇರುತ್ತಾಳೆ?

ಹಾಸಿಗೆ ಹುಣ್ಣಾಗದಂತೆ ಅಕ್ಕಾರು ಎರಡು ತಾಸಿಗೊಮ್ಮೆ ಆಯಿಯ ಮಗ್ಗುಲು ಬದಲಿಸುತ್ತಾರೆ. ಎಡಕ್ಕೆ ಮಲಗಿದಾಗ ಆಯಿಯ ಮುಖ ಗೋಡೆಗೆ. ಬಲಕ್ಕೆ ಮಲಗಿದರೆ ಟಿವಿ ಎದುರಿಗೇ ಇರುತ್ತದೆ, ಆದರೆ ಚೆನ್ನಾಗಿ ಕೇಳುವ ಬಲಗಿವಿ ದಿಂಬಿನೊಳಗೆ ಹುದುಗುತ್ತದೆ. ಮೊದಮೊದಲು ಆಯಿ ಸುದ್ದಿಯನ್ನು ಸುಮ್ಮನೆ ನೋಡುತ್ತಿದ್ದಳು, ಕೇಳುತ್ತಿರಲಿಲ್ಲ. ನಾವು ಧ್ವನಿ ಏರಿಸುತ್ತಲೇ ಹೋದೆವು. ಆದ್ದರಿಂದ ಏಳಕ್ಕೆ ಅವಳು ಅಂಗಾತ ಇರಬೇಕು, ತಲೆಯ ಕಡೆ ಏರಿಸಿರಬೇಕು. ಆರೂವರೆಗೆ ಊಟ ಮಾಡಿಸಿದರೆ ಇದು ತಾನಾಗಿ ಹೊಂದುತ್ತದೆ, ಏಕೆಂದರೆ ಉಂಡದ್ದು ಶ್ವಾಸನಾಳಕ್ಕೆ ಹೋಗದಂತೆ ಊಟದ ನಂತರ ಕನಿಷ್ಠ ಅರ್ಧ ತಾಸು ಹೇಗೂ ಒರಗಿಸಿಯೇ ಕೂರಿಸಬೇಕು. ಆದರೆ ತಾಸುಗಟ್ಟಲೆ ಹಾಗೇ ಬಿಡುವಂತಿಲ್ಲ. ಮೈ ನಿಧಾನವಾಗಿ ಕೆಳಗೆ ಜಾರಿ, ಬೆನ್ನ ಬುಡದ ಚರ್ಮ ಹಾಸಿಗೆಗೆ ಜಗ್ಗಿ, ಹುಣ್ಣು ಮೊದಲು ಏಳುವುದೇ ಅಲ್ಲಿ. ಅದಕ್ಕಾಗಿಯೇ ಮೊಣಕಾಲ ಕೆಳಗೆ ಒಂದು ದಿಂಬು ಇಡಲು ಬರೆದಿದ್ದೇನೆ.

ದಿನವಿಡೀ ಸುದ್ದಿ ಬಿತ್ತರಿಸುವ ವಾಹಿನಿ ಹಚ್ಚಬಾರದೇ ಎಂದೂ ಕೇಳುತ್ತಾರೆ. ಅಲ್ಲಿ ಪರದೆಯ ಮೇಲೆ ಮೂರು ಸಾಲು ಅಕ್ಷರ ಓಡುತ್ತವೆ, ನಾಲ್ಕು ಜನ ಒಟ್ಟಿಗೆ ಮಾತನಾಡುತ್ತಾರೆ. ಆಯಿ 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯನ್ನು ಕೇಳಿ ಬೆಳೆದವಳು. ಒಬ್ಬರು ಒಂದೊಂದೇ ಸುದ್ದಿಯನ್ನು ನಿಧಾನವಾಗಿ ಓದಬೇಕು, ಓದುವವರ ತುಟಿ ಕಾಣಬೇಕು. ಕೇಳದ ಶಬ್ದವನ್ನು ಅವಳು ತುಟಿಯಿಂದ ಹಿಡಿಯುತ್ತಾಳೆ.

ಈಗ ಸಂದೇಶದ ಕೊನೆಗೆ ಎರಡು ವಾಕ್ಯ ಸೇರಿವೆ: “ಸುದ್ದಿ ಮುಗಿದ ಮ್ಯಾಲೆ ಟೇಪಿನ ರಿಮೋಟಿನಿಂದ ಟಿವಿ ಅಷ್ಟ ಆರಿಸ್ರಿ, ಪೆಟ್ಟಿಗಿ ಹಂಗ ಇರ್ಲಿ. ಆಮ್ಯಾಲೆ ಆಯಿನ ತಲಿಕಡೆ ಇಳಿಸಿ, ಎಡಮಗ್ಗಲಕ್ಕ ಮಲಗಸ್ರಿ.”