ಕ್ವೋಷಂಟ್ ರೂಲ್‌ನ ಪ್ರೂಫ್: ಲಿಮಿಟ್ ಬೇಕಾಗುವುದು ಒಂದೇ ಕಡೆ

ನಾನು ಪಿಯು ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಪ್ರಾಡಕ್ಟ್ ರೂಲ್ ಮುಗಿದ ಮೇಲೆ ಕ್ವೋಷಂಟ್ ರೂಲ್ ಬರುತ್ತದೆ. ಅದನ್ನು ನೇರವಾಗಿ ಫರ್ಸ್ಟ್ ಪ್ರಿನ್ಸಿಪಲ್‌ನಿಂದಲೇ ಸಾಧಿಸಬಹುದು. ಆದರೆ ಆ ದಾರಿಯಲ್ಲಿ ನಡುವೆ f(x)g(x) ಅನ್ನು ಒಮ್ಮೆ ಕಳೆದು ಒಮ್ಮೆ ಕೂಡಬೇಕು. ಅದು ಯಾಕೆ ಅಲ್ಲಿ ಬಂತು ಅಂತ ಮಕ್ಕಳಿಗೆ ಹೊಳೆಯುವುದಿಲ್ಲ. ಬಾಯಿಪಾಠ ಮಾಡಿಕೊಂಡು ಬಿಡುತ್ತಾರೆ.

ಹಾಗಾಗಿ ನಾನು ಬೋರ್ಡಿನ ಮೇಲೆ ಮೊದಲು ಇಷ್ಟನ್ನೇ ಬರೆಯುತ್ತೇನೆ:

f/g = f · (1/g)

ಭಾಗಾಕಾರ ಹೋಗಿ ಗುಣಾಕಾರ ಬಂತು. ಪ್ರಾಡಕ್ಟ್ ರೂಲ್ ಕೈಯಲ್ಲೇ ಇದೆ. ಗೊತ್ತಿಲ್ಲದೆ ಉಳಿದದ್ದು 1/g ನ ಡೆರಿವೇಟಿವ್ ಮಾತ್ರ. ಲಿಮಿಟ್ ಹಾಕುವ ಕೆಲಸವೆಲ್ಲ ಆ ಒಂದು ಕಡೆ ಮಾತ್ರ.

1/g ಗೆ ಫರ್ಸ್ಟ್ ಪ್ರಿನ್ಸಿಪಲ್ ಹಚ್ಚಿದರೆ ಮೇಲ್ಗಡೆ 1/g(x+h) − 1/g(x) ಬರುತ್ತದೆ. ಛೇದ ಒಂದೇ ಮಾಡಿ ಕಳೆದರೆ ಅಂಶದಲ್ಲಿ g(x) − g(x+h) ಉಳಿಯುತ್ತದೆ. ಇಲ್ಲಿ ಮಕ್ಕಳನ್ನು ನಿಲ್ಲಿಸಿ ನೋಡಲು ಹೇಳುತ್ತೇನೆ. ನಮಗೆ ಬೇಕಾದದ್ದು g(x+h) − g(x), ಬಂದಿರುವುದು ಉಲ್ಟಾ. ಸರಿ ಮಾಡಿಕೊಳ್ಳಲು ಒಂದು ಮೈನಸ್ ಹೊರಗೆ ತೆಗೆಯಬೇಕು. ಕ್ವೋಷಂಟ್ ರೂಲ್‌ನಲ್ಲಿ ಕೊನೆಗೆ ಕಾಣುವ ಮೈನಸ್ ಹುಟ್ಟುವುದು ಇಲ್ಲೇ.

− [ (g(x+h) − g(x)) / h ] · 1 / ( g(x+h) g(x) )

h ಸೊನ್ನೆಯ ಕಡೆ ಹೋದಂತೆ ಮೊದಲ ಆವರಣ g′(x) ಆಗುತ್ತದೆ, ಅದು ಡೆಫಿನಿಷನ್. ಎರಡನೇ ಭಾಗ 1/g(x)² ಆಗುತ್ತದೆ ಅಂತ ಎಲ್ಲರೂ ಬರೆದುಬಿಡುತ್ತಾರೆ. ಅದಕ್ಕೆ g(x+h) ಹೋಗಿ g(x) ಗೆ ಸೇರಬೇಕು, ಅಂದರೆ g ಕಂಟಿನ್ಯುಯಸ್ ಆಗಿರಬೇಕು. ಅದನ್ನು ಯಾರು ಕೊಟ್ಟರು? ಪ್ರಶ್ನೆಯಲ್ಲಿ ಹೇಳಿಲ್ಲ. ಆದರೆ g ಡಿಫರೆನ್ಷಿಯೆಬಲ್ ಅಂತ ಹೇಳಿದ್ದಾರೆ, ಅಷ್ಟು ಸಾಕು. g(x+h) − g(x) ಅನ್ನು h ಗುಣಿಸು [ (g(x+h) − g(x))/h ] ಅಂತ ಬರೆದುಕೊಳ್ಳಿ. ಮೊದಲನೆಯದು ಸೊನ್ನೆಗೆ, ಎರಡನೆಯದು g′(x) ಗೆ ಹೋಗುತ್ತದೆ. ಗುಣಲಬ್ಧ ಸೊನ್ನೆ. ಈ ಒಂದು ಸಾಲು ಬರೆದ ಉತ್ತರ ಪತ್ರಿಕೆ ಸಿಕ್ಕಿದರೆ ನನಗೆ ನಿಜಕ್ಕೂ ಖುಷಿಯಾಗುತ್ತದೆ.

ಇದೇ ಕಂಟಿನ್ಯೂಯಿಟಿ ಇನ್ನೊಂದು ಕೆಲಸವನ್ನೂ ಮಾಡಿಕೊಡುತ್ತದೆ. g(x) ಸೊನ್ನೆಯಲ್ಲ ಅಂತ ನಮಗೆ ಕೊಟ್ಟಿದ್ದಾರೆ. ಆದರೆ ಛೇದದಲ್ಲಿ g(x+h) ಕೂಡ ಇದೆಯಲ್ವಾ? ಅದೂ ಸೊನ್ನೆ ಆಗಬಾರದು. g ಆ ಬಿಂದುವಿನಲ್ಲಿ ಕಂಟಿನ್ಯುಯಸ್ ಆಗಿರುವುದರಿಂದ h ಸಾಕಷ್ಟು ಚಿಕ್ಕದಿದ್ದಾಗ g(x+h) ಬೆಲೆ g(x) ನ ಹತ್ತಿರವೇ ಇರುತ್ತದೆ. g(x) ಸೊನ್ನೆಯಲ್ಲದ ಮೇಲೆ ಅಷ್ಟು ಹತ್ತಿರ ಇರುವ g(x+h) ಕೂಡ ಸೊನ್ನೆ ಆಗಲಾರದು.

ಹೀಗೆ (1/g)′ = −g′/g² ಸಿಕ್ಕಿತು. ಇಷ್ಟಕ್ಕೇ ಮುಂದೆ ಹೋಗದೆ ಒಂದು ಲೆಕ್ಕದಲ್ಲಿ ಪರೀಕ್ಷೆ ಮಾಡಿಸುತ್ತೇನೆ. g(x) = x² + 1, x = 2 ತೆಗೆದುಕೊಳ್ಳಿ. g(2) = 5, g′(2) = 4. ಸೂತ್ರದ ಪ್ರಕಾರ ಉತ್ತರ −4/25, ಅಂದರೆ −0.16. ಈಗ ಕ್ಯಾಲ್ಕುಲೇಟರ್ ಹಿಡಿದು x = 2.01 ನಲ್ಲಿ 1/g ನೋಡಿ. 1/5.0401 ಸುಮಾರು 0.19841. ಅದರಿಂದ 0.2 ಕಳೆದು 0.01 ರಿಂದ ಭಾಗಿಸಿದರೆ −0.159 ಬರುತ್ತದೆ. x = 2.001 ಹಾಕಿದರೆ −0.1599. ಉತ್ತರ −0.16 ರ ಹತ್ತಿರ ಬರುತ್ತಿರುವುದು ಕಣ್ಣಿಗೇ ಕಾಣುತ್ತದೆ. (1/g)′ ಅಂದರೆ 1/g′ ಅಂತ ಬರೆಯುವವರು ಪ್ರತಿ ವರ್ಷ ಇರುತ್ತಾರೆ. ಅವರ ಉತ್ತರ ಇಲ್ಲಿ 0.25. ಚಿಹ್ನೆಯೇ ತಪ್ಪು. ಛೇದ ಜಾಸ್ತಿಯಾದರೆ 1/g ಕಮ್ಮಿಯಾಗಬೇಕು, ಹೆಚ್ಚಾಗುವುದು ಹೇಗೆ?

ಇನ್ನು ಪ್ರಾಡಕ್ಟ್ ರೂಲ್ ಹಾಕುವುದಷ್ಟೇ ಬಾಕಿ:

(f · 1/g)′ = f′ · (1/g) + f · (−g′/g²) = f′/g − f g′/g²

ಇಲ್ಲಿಗೆ ಬಂದು ಎಡವುವವರೂ ಇದ್ದಾರೆ. ಎರಡು ಛೇದ ಬೇರೆ ಬೇರೆ ಇರುವುದನ್ನು ಮರೆತು (f′ − f g′)/g² ಅಂತ ಬರೆಯುತ್ತಾರೆ. ಮೊದಲ ಪದದ ಮೇಲೆ ಕೆಳಗೆ ಎರಡೂ ಕಡೆ g ಗುಣಿಸಬೇಕು. ಆಗ (f′g − f g′)/g² ಬರುತ್ತದೆ. x/(x² + 1) ಅನ್ನು x = 2 ನಲ್ಲಿ ನೋಡಿ. ಮೊದಲ ಪದ 1 × 0.2 = 0.2. ಎರಡನೆಯದು 2 × (−0.16) = −0.32. ಒಟ್ಟು −0.12. ಸೂತ್ರದಲ್ಲಿ ಹಾಕಿದರೂ (5 − 8)/25 = −0.12. ಹಾಗೆ ಮರೆತು ಬರೆದವರಿಗೆ (1 − 8)/25, ಅಂದರೆ −0.28 ಬರುತ್ತದೆ. ಎರಡನ್ನೂ ಪಕ್ಕಪಕ್ಕ ಬರೆದು ತೋರಿಸಿದರೆ ತಪ್ಪು ಎಲ್ಲಾಯಿತು ಅಂತ ಅವರೇ ಹುಡುಕುತ್ತಾರೆ.

ಒಮ್ಮೆ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಎದ್ದು ಕೇಳಿದಳು: “ಸರ್, ಇಷ್ಟೆಲ್ಲ ಯಾಕೆ? f/g ನ q ಅಂತ ಇಟ್ಕೊಂಡ್ರೆ f = qg ಆಗುತ್ತೆ. ಅದಕ್ಕೇ ಪ್ರಾಡಕ್ಟ್ ರೂಲ್ ಹಾಕಿದ್ರೆ ಮುಗೀತಲ್ವಾ?”

ಬೋರ್ಡಿಗೆ ಬಂದು ಬರೆದೂ ತೋರಿಸಿದಳು. f′ = q′g + qg′. ಅದರಿಂದ q′ = (f′ − qg′)/g. q ಜಾಗದಲ್ಲಿ f/g ಹಾಕಿದರೆ ಸೂತ್ರ ಅಚ್ಚುಕಟ್ಟಾಗಿ ಬಂತು. ಲಿಮಿಟ್ ಎಲ್ಲೂ ಇಲ್ಲ.

“ಚೆನ್ನಾಗಿದೆ ಕಣಮ್ಮಾ. ಆದ್ರೆ q′ ಅಂತ ಬರೆದ್ಯಲ್ಲ, ಅದು ಇದೆ ಅಂತ ಯಾರು ಹೇಳಿದ್ರು?” ಅಂತ ಕೇಳಿದೆ.

ಪ್ರಾಡಕ್ಟ್ ರೂಲ್ ಹೇಳುವುದು ಇಷ್ಟು: ಎರಡು ಫಂಕ್ಷನ್‌ಗಳು ಡಿಫರೆನ್ಷಿಯೆಬಲ್ ಆಗಿದ್ದರೆ ಅವುಗಳ ಗುಣಲಬ್ಧವೂ ಹೌದು. ಗುಣಲಬ್ಧಕ್ಕೆ ಡೆರಿವೇಟಿವ್ ಇದ್ದ ಮಾತ್ರಕ್ಕೆ ಗುಣಿಸಿದ ಫಂಕ್ಷನ್‌ಗೂ ಇರುತ್ತದೆ ಅಂತ ಅದು ಹೇಳುವುದಿಲ್ಲ. ಸುಮ್ನೆ ಹೇಳಿದರೆ ಇದು ಮನಸ್ಸಿಗೆ ಹತ್ತುವುದಿಲ್ಲ ಅಂತ ಒಂದು ಉದಾಹರಣೆ ಕೊಟ್ಟೆ. f(x) = x|x|, g(x) = x, q(x) = |x|. ಎಲ್ಲ x ಗೂ f = qg. x = 0 ನಲ್ಲಿ f′ ಇದೆ: h|h|/h ಅಂದರೆ |h|, ಅದು ಸೊನ್ನೆಗೆ ಹೋಗುತ್ತದೆ. g′ ಇದೆ, ಅದು 1. ಆದರೆ |x| ಗೆ ಸೊನ್ನೆಯಲ್ಲಿ ಡೆರಿವೇಟಿವ್ ಇಲ್ಲ, ಎಡದಿಂದ −1, ಬಲದಿಂದ 1. f ಗೂ g ಗೂ ಡೆರಿವೇಟಿವ್ ಇದ್ದು q ಗೆ ಇಲ್ಲ.

“ಆದ್ರೆ ಸರ್, ಅಲ್ಲಿ g ಸೊನ್ನೆ ಇದೆಯಲ್ಲ” ಅಂದಳು. ಸರಿಯಾಗಿ ಹಿಡಿದಳು. g ಸೊನ್ನೆಯಲ್ಲದಿದ್ದರೆ q′ ಇದ್ದೇ ಇರುತ್ತದೆ. ಆದರೆ ಅದನ್ನು ತೋರಿಸಬೇಕು, ತೋರಿಸುವುದು 1/g ನ ಲಿಮಿಟ್. 1/g ಡಿಫರೆನ್ಷಿಯೆಬಲ್ ಅಂತ ಒಮ್ಮೆ ಸಿಕ್ಕಿದರೆ q = f · (1/g) ಎರಡು ಡಿಫರೆನ್ಷಿಯೆಬಲ್ ಫಂಕ್ಷನ್‌ಗಳ ಗುಣಲಬ್ಧ. ಹಾಗಾಗಿ q′ ಇದೆ. ಅಲ್ಲಿಂದ ಮುಂದೆ f = qg ದಾರಿಯಲ್ಲಿ ಹೋದರೂ ತಕರಾರಿಲ್ಲ. ಪರೀಕ್ಷೆಯಲ್ಲಿ ಸೂತ್ರ ಮರೆತುಹೋದರೆ ಎರಡೇ ಸಾಲಿನಲ್ಲಿ ಮತ್ತೆ ಕಟ್ಟಿಕೊಳ್ಳಲು ಅವಳ ದಾರಿಯೇ ಒಳ್ಳೆಯದು ಅಂತ ಈಗ ನಾನೂ ಕ್ಲಾಸಿನಲ್ಲಿ ಹೇಳಿಕೊಡುತ್ತೇನೆ. ‘ಪ್ರೂವ್ ಮಾಡಿ’ ಅಂತ ಕೇಳಿದಾಗ ಮಾತ್ರ 1/g ಇಂದ ಶುರು ಮಾಡಬೇಕು.